ಹನ್ನೊಂದನೇ ಸೆಲ್

ಸರಕು ಸಾಗಿಸುವ ಆ ಎಲೆಕ್ಟ್ರಿಕ್ ಆಟೊ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಬಂದದ್ದು ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಮೀಟರಿನಲ್ಲಿ ಮಾತ್ರ ಚಾರ್ಜು ಇನ್ನೂ 32 ಪರ್ಸೆಂಟ್ ಇತ್ತು.

‘ನೀವೇ ನೋಡಿ ಸಾರ್, ಮೂವತ್ತೆರಡು ಇದೆ. ಫ್ಲೈಓವರ್ ಹತ್ತೋವಾಗ ಟಪ್ ಅಂತ ನಿಂತೋಯ್ತು. ಹತ್ತು ನಿಮಿಷ ಬಿಟ್ರೆ ಮತ್ತೆ ಎದ್ದು ಅರ್ಧ ಕಿಲೋಮೀಟರ್ ಓಡುತ್ತೆ, ಆಮೇಲೆ ಮತ್ತೆ ಮಲಗುತ್ತೆ’ ಎಂದ ಮಾಲೀಕ. ಹೊಸದರಲ್ಲಿ ಒಂದು ಚಾರ್ಜಿಗೆ ತೊಂಬತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ ಅರವತ್ತು ದಾಟಿದರೆ ಹೆಚ್ಚು ಎಂಬುದು ಅವನ ದೂರು. ಬ್ಯಾಟರಿ ಪೂರ್ತಿ ಹೋಯಿತು, ಹೊಸದು ಹಾಕಿಸು ಎಂದು ಯಾರೋ ಹೇಳಿಯೂ ಆಗಿತ್ತು.

ಶೆಡ್ಡಿನ ಮೇಸ್ತ್ರಿ ನನಗೆ ಹಳೆಯ ಪರಿಚಯ. ಮೊದಲು ಯುಪಿಎಸ್ ರಿಪೇರಿ ಮಾಡುತ್ತಿದ್ದವರು, ಈಗ ಲಿಥಿಯಂ ಕೆಲಸ. ಪ್ಯಾಕಿನ ಮುಚ್ಚಳ ತೆಗೆದು, ಒಳಗಿನ ಸಾಲಿನ ಈ ತುದಿಗೂ ಆ ತುದಿಗೂ ಮಲ್ಟಿಮೀಟರಿನ ಕಡ್ಡಿ ಹಚ್ಚಿದರು. 52 ವೋಲ್ಟ್. ಪ್ಯಾಕಿನ ಮೈಮೇಲೆ ಅಚ್ಚಾಗಿದ್ದದ್ದು 51.2. ಹೆಸರಿಗೆ ಇರಬೇಕಾದ್ದಕ್ಕಿಂತ ಹೆಚ್ಚೇ ಇದೆ! ಹಳೇ ಕಾಲದ ಮೆಕ್ಯಾನಿಕ್ ಆಗಿದ್ದರೆ ಇಲ್ಲಿಗೇ ‘ಬ್ಯಾಟರಿ ಚೆನ್ನಾಗಿದೆ, ಮೋಟಾರು ನೋಡಿಸು’ ಎಂದು ಕಳಿಸುತ್ತಿದ್ದ. ನಮ್ಮ ಮೇಸ್ತ್ರಿ ಮೊಬೈಲಿನಲ್ಲಿ ಬಿಎಂಎಸ್‌ನ ಆ್ಯಪ್ ತೆರೆದರು. ಬಿಎಂಎಸ್ ಅಂದರೆ ಪ್ಯಾಕಿನೊಳಗೆ ಕೂತು ಪ್ರತಿ ಸೆಲ್ಲಿನ ವೋಲ್ಟೇಜನ್ನೂ ಕಾಯುವ ಎಲೆಕ್ಟ್ರಾನಿಕ್ ಹಲಗೆ. ಪರದೆಯ ಮೇಲೆ ಹದಿನಾರು ಅಂಕಿಗಳು ಬಂದವು. ಹದಿನೈದು ಸೆಲ್‌ಗಳು 3.26ರಿಂದ 3.28 ವೋಲ್ಟಿನೊಳಗೆ ಒಂದೇ ಸಮ ನಿಂತಿದ್ದವು. ಹನ್ನೊಂದನೆಯದು ಮಾತ್ರ 2.91.

‘ಇವನೊಬ್ಬ’ ಎಂದರು ಮೇಸ್ತ್ರಿ.

ಹದಿನಾರರಲ್ಲಿ ಒಂದು ಸೆಲ್ ಸೋತರೆ ಹದಿನಾರನೇ ಒಂದು ಪಾಲು ನಷ್ಟವಾಗಬೇಕು, ಅಂದರೆ ಆರು ಪರ್ಸೆಂಟ್. ಅದೂ ಆ ಸೆಲ್ ಪೂರ್ತಿ ಸತ್ತಿದ್ದರೆ. ಇಲ್ಲಿ ಅದು ಸತ್ತಿರಲಿಲ್ಲ, ಸ್ವಲ್ಪ ಸೊರಗಿತ್ತು, ಅಷ್ಟೇ. ಗಾಡಿಯ ಓಟ ಮಾತ್ರ ಮೂರನೇ ಒಂದು ಪಾಲು ಹೋಗಿತ್ತು. ಈ ಲೆಕ್ಕ ಯಾಕೆ ಹೀಗೆ ತಪ್ಪುತ್ತದೆ ಎಂಬುದು ಆ ಮಧ್ಯಾಹ್ನ ನನ್ನನ್ನು ಅಲ್ಲೇ ಕೂರಿಸಿತು.

ಆ ಪ್ಯಾಕಿನಲ್ಲಿದ್ದದ್ದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು. ಒಂದೊಂದೂ ದಪ್ಪ ಪುಸ್ತಕದಷ್ಟು, ನೀಲಿ ಹೊದಿಕೆಯ ಅಲ್ಯೂಮಿನಿಯಂ ಡಬ್ಬಿ. ಒಂದು ಸೆಲ್ಲಿನ ವೋಲ್ಟೇಜು ಸುಮಾರು 3.2. ಮೋಟಾರಿಗೆ ಅಷ್ಟು ಸಾಲದು. ಆದ್ದರಿಂದ ಒಂದರ ಪ್ಲಸ್ಸನ್ನು ಮುಂದಿನದರ ಮೈನಸ್ಸಿಗೆ ಪಟ್ಟಿಯಿಂದ ಬಿಗಿದು ಹದಿನಾರನ್ನೂ ಸಾಲಾಗಿ ಜೋಡಿಸುತ್ತಾರೆ. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಬರುವ ಸರಣಿ ಜೋಡಣೆ ಇದೇ. ಶೆಡ್ಡಿನ ಭಾಷೆಯಲ್ಲಿ ‘ಸೀರೀಸ್’. ಸರಣಿಯಲ್ಲಿ ವೋಲ್ಟೇಜು ಕೂಡುತ್ತಾ ಹೋಗುತ್ತದೆ, ಹದಿನಾರು ಸಲ 3.2 ಸೇರಿ 51.2 ಆಗುತ್ತದೆ. ಕೂಡದೇ ಇರುವುದು ಆಂಪಿಯರ್-ಅವರ್. ಪ್ರತಿ ಸೆಲ್ಲಿನ ಮೇಲೂ 100 ಎಎಚ್ ಎಂದು ಬರೆದಿದೆ. ಅಂದರೆ 20 ಆಂಪಿಯರಿನಂತೆ ಎಳೆದರೆ ಐದು ಗಂಟೆ ಬರುತ್ತದೆ. ಹದಿನಾರನ್ನು ಸಾಲಾಗಿ ಜೋಡಿಸಿದ ಮೇಲೂ ಪ್ಯಾಕು 100 ಎಎಚ್‌ನದ್ದೇ, 1,600ರದ್ದಲ್ಲ.

ಕಾರಣ ಸರಳ. ಸಾಲಿನಲ್ಲಿ ಕರೆಂಟು ಹರಿಯಲು ಒಂದೇ ದಾರಿ. ಒಂದನೇ ಸೆಲ್ಲಿನಿಂದ ಹೊರಟ ಕರೆಂಟು ಹದಿನಾರನೆಯದನ್ನೂ ಹಾಯ್ದೇ ಹೋಗಬೇಕು. ಮೋಟಾರು ಒಂದು ಎಎಚ್ ಕುಡಿದರೆ ಹದಿನಾರು ಸೆಲ್‌ಗಳಲ್ಲೂ ತಲಾ ಒಂದು ಎಎಚ್ ಕಡಿಮೆಯಾಗುತ್ತದೆ. ಗಟ್ಟಿಯಾದ ಸೆಲ್ಲಿನಿಂದ ಹೆಚ್ಚು, ಸೊರಗಿದ್ದರಿಂದ ಕಡಿಮೆ ಎಂಬ ರಿಯಾಯಿತಿ ಸರಣಿಯಲ್ಲಿ ಇಲ್ಲ. ಹಳ್ಳಿಯ ಕಡೆ ಪಂಕ್ತಿಯಲ್ಲಿ ಕೂತು ಉಂಡವರಿಗೆ ಇದು ಬೇಗ ಹಿಡಿಸುತ್ತದೆ. ಹದಿನಾರು ಎಲೆ ಹಾಕಿದೆ, ಎಲ್ಲರೂ ತುತ್ತಿಗೆ ತುತ್ತು ಸಮವಾಗಿ ಉಣ್ಣಬೇಕು, ಒಬ್ಬರು ಎದ್ದರೆ ಎಲ್ಲರೂ ಏಳಬೇಕು ಎಂದಿಟ್ಟುಕೊಳ್ಳಿ. ಹನ್ನೊಂದನೇ ಎಲೆಯೇ ಚಿಕ್ಕದು, ಬಡಿಸಿದ್ದೂ ಕಡಿಮೆ. ಅವನ ಎಲೆ ಮೊದಲು ಖಾಲಿಯಾಗುತ್ತದೆ, ಅವನು ಏಳುತ್ತಾನೆ. ಉಳಿದ ಹದಿನೈದು ಎಲೆಗಳಲ್ಲಿ ಅನ್ನ ಹಾಗೇ ಉಳಿಯುತ್ತದೆ.

ಮೇಸ್ತ್ರಿ ಮರುದಿನ ಪ್ಯಾಕು ಬಿಚ್ಚಿ ಒಂದೊಂದೇ ಸೆಲ್ ಅಳೆದರು. ಇದಕ್ಕೆ ಅವರ ಬಳಿ ದೊಡ್ಡ ಯಂತ್ರವೇನಿಲ್ಲ. ಒಂದು ಸೆಲ್ಲನ್ನು 3.65 ವೋಲ್ಟಿನವರೆಗೆ ತುಂಬಿಸುವುದು, ಆಮೇಲೆ 20 ಆಂಪಿಯರಿನ ಲೋಡು ಹಾಕಿ 2.5 ವೋಲ್ಟಿಗೆ ಇಳಿಯುವವರೆಗೆ ಗಡಿಯಾರ ನೋಡುವುದು. ಒಳ್ಳೆಯ ಸೆಲ್‌ಗಳು ನಾಲ್ಕೂಮುಕ್ಕಾಲು ಗಂಟೆ ಬಂದವು: 95 ಎಎಚ್. ಎರಡು ವರ್ಷ ದುಡಿದ ಸೆಲ್ಲಿಗೆ ಇದು ತಕ್ಕ ಇಳಿಕೆಯೇ. ಒಂದೆರಡರಲ್ಲಿ 93, 94 ಬಂತು. ಹನ್ನೊಂದನೆಯದು ಮೂರು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ ಕೈಚೆಲ್ಲಿತು. ಅಂದರೆ 68.

ಈಗ ಲೆಕ್ಕ ಹಾಕಿ ನೋಡೋಣ. ಹನ್ನೊಂದನೆಯದು ತನ್ನ ಜೊತೆಗಾರರಿಗಿಂತ 27 ಎಎಚ್ ಹಿಂದಿದೆ. ಅದನ್ನು 3.2 ವೋಲ್ಟಿನಿಂದ ಗುಣಿಸಿದರೆ 86 ವಾಟ್-ಅವರ್, ಮನೆಯ ಕರೆಂಟು ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟಿನ ಹನ್ನೆರಡನೇ ಒಂದು ಪಾಲಿಗಿಂತ ಕೊಂಚ ಹೆಚ್ಚು. ಇಷ್ಟೇ ನಿಜವಾಗಿ ಕಳೆದುಹೋದದ್ದು. ಆದರೆ ಅದು ಎದ್ದುಬಿಟ್ಟಾಗ ಉಳಿದ ಹದಿನೈದರಲ್ಲೂ ತಲಾ 27 ಎಎಚ್ ಹಾಗೇ ಉಳಿಯಿತಲ್ಲ, ಅದು ಒಟ್ಟು ಸುಮಾರು 1,300 ವಾಟ್-ಅವರ್, ಒಂದೂಕಾಲು ಯೂನಿಟ್ಟಿಗಿಂತ ಜಾಸ್ತಿ. ಈ ಆಟೊ ಒಂದು ಕಿಲೋಮೀಟರಿಗೆ ಸುಮಾರು 55 ವಾಟ್-ಅವರ್ ಕುಡಿಯುತ್ತದೆ. ಅಂದರೆ ಇಪ್ಪತ್ತಮೂರು, ಇಪ್ಪತ್ನಾಲ್ಕು ಕಿಲೋಮೀಟರಿನ ದಾರಿಖರ್ಚು ಗಾಡಿಯ ಹೊಟ್ಟೆಯಲ್ಲೇ ಇದ್ದೂ ಕೈಗೆ ಸಿಗುವುದಿಲ್ಲ. ದಿನವೂ ಅದನ್ನು ಹೊತ್ತುಕೊಂಡು ತಿರುಗುವ ಭಾರ ಬೇರೆ.

ಮೀಟರು 32 ತೋರಿಸಿದ್ದೂ ಇದರಿಂದಲೇ ಅರ್ಥವಾಗುತ್ತದೆ. ಈ ಜಾತಿಯ ಸೆಲ್ಲಿನಲ್ಲಿ ವೋಲ್ಟೇಜು ನೋಡಿ ಎಷ್ಟು ಚಾರ್ಜು ಉಳಿದಿದೆ ಎಂದು ಹೇಳುವುದು ಕಷ್ಟ; ತುಂಬಿದ್ದಾಗ ಒಂದು ಚೂರು, ಖಾಲಿಯಾಗುವಾಗ ಒಂದು ಚೂರು ಬಿಟ್ಟರೆ ನಡುವೆಲ್ಲ ಅದು ಕೆರೆಯ ಏರಿಯಂತೆ ಮಟ್ಟಸ. ಆದ್ದರಿಂದ ಬಿಎಂಎಸ್ ಹೊರಹೋದ ಕರೆಂಟನ್ನು ಎಣಿಸಿ ಒಟ್ಟಿನಿಂದ ಕಳೆಯುತ್ತದೆ. ಒಟ್ಟು 100 ಎಂದು ಅದಕ್ಕೆ ಹೊಸದರಲ್ಲಿ ಬರೆದುಕೊಟ್ಟಿದ್ದಾರೆ. 68 ಹೋಯಿತು, 32 ಉಳಿಯಿತು. ಎಣಿಕೆಯಲ್ಲಿ ತಪ್ಪಿಲ್ಲ. ಸೊರಗಿದವನೊಬ್ಬನಿದ್ದಾನೆ ಎಂಬುದು ಆ ಪುಸ್ತಕದಲ್ಲಿ ಬರೆದಿರಲಿಲ್ಲ, ಅಷ್ಟೆ. ತುದಿಯಿಂದ ತುದಿಗೆ ಅಳೆದ 52 ವೋಲ್ಟೂ ಹಾಗೆಯೇ. ಹದಿನೈದು ಗಟ್ಟಿ ಸೆಲ್‌ಗಳ ಮೊತ್ತದಲ್ಲಿ ಒಂದರ ಕೊರತೆ ಮುಚ್ಚಿಹೋಗುತ್ತದೆ. ಪ್ಯಾಕು ನಿಜವಾಗಿ ಖಾಲಿಯಾಗಿದ್ದರೆ ಅಲ್ಲಿ 46, 47 ಕಾಣಬೇಕಿತ್ತು.

ಫ್ಲೈಓವರಿನ ಮೇಲೇ ಯಾಕೆ ನಿಂತಿತು? ಏರು ಹತ್ತುವಾಗ ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಎಳೆದಷ್ಟೂ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ. ಗಟ್ಟಿ ಸೆಲ್ ಕೊಂಚ ಬಾಗುತ್ತದೆ. ಖಾಲಿಯ ಅಂಚಿನಲ್ಲಿರುವ ಸೆಲ್ ಮಾತ್ರ ಏಕದಂ 2.5ಕ್ಕೆ ಬೀಳುತ್ತದೆ, ಬಿಎಂಎಸ್ ಬಾಗಿಲು ಹಾಕುತ್ತದೆ. ಲೋಡು ಹೋದ ಮೇಲೆ ಸೆಲ್ ಉಸಿರು ತಿರುಗಿಸಿಕೊಂಡು 2.9ಕ್ಕೆ ಏರುತ್ತದೆ, ಬಿಎಂಎಸ್ ಮತ್ತೆ ಬಾಗಿಲು ತೆರೆಯುತ್ತದೆ. ಮಾಲೀಕ ಹೇಳಿದ ‘ಹತ್ತು ನಿಮಿಷ ಬಿಟ್ರೆ ಅರ್ಧ ಕಿಲೋಮೀಟರ್’ ಇದೇ.

ಇಲ್ಲಿ ಕೆಲವರು ಒಂದು ಉಪಾಯ ಮಾಡುತ್ತಾರೆ. ಬಾಗಿಲು ಹಾಕುವವನನ್ನೇ ತೆಗೆದುಬಿಡುವುದು: ಬಿಎಂಎಸ್ಸನ್ನು ಬೈಪಾಸ್ ಮಾಡಿ ತಂತಿಯನ್ನು ನೇರ ಕೊಡುವುದು. ಗಾಡಿ ಓಡುತ್ತದೆ, ಅದೇ ಅಪಾಯ. ಹನ್ನೊಂದನೆಯದು ಬರಿದಾದ ಮೇಲೂ ಉಳಿದ ಹದಿನೈದು ಅದರ ಮೂಲಕ ಕರೆಂಟನ್ನು ನೂಕುತ್ತಲೇ ಇರುತ್ತವೆ. ಅದರ ವೋಲ್ಟೇಜು ಸೊನ್ನೆಗೆ ಇಳಿದು ಇನ್ನೂ ಕೆಳಗೆ ಹೋಗುತ್ತದೆ, ಪ್ಲಸ್ ಮೈನಸ್ ಅದಲುಬದಲಾಗುತ್ತದೆ. ಸೆಲ್ಲಿನೊಳಗೆ ಮೈನಸ್ ಕಡೆಯ ತಾಮ್ರದ ಹಾಳೆ ಆಗ ಕರಗಲು ಶುರುವಾಗುತ್ತದೆ. ಮರಳಿ ಚಾರ್ಜಿಗೆ ಹಾಕಿದಾಗ ಕರಗಿದ ತಾಮ್ರ ಬೇರೆ ಎಲ್ಲೋ ಕೂತು, ಎರಡು ಪದರಗಳ ನಡುವೆ ಸೇತುವೆಯಾಗಿ ಒಳಗೇ ಶಾರ್ಟ್ ಆಗಬಹುದು. ಮೂರು ಸೆಲ್ಲಿನ ಟಾರ್ಚಿಗೆ ಎರಡು ಹೊಸದು, ಒಂದು ಹಳೆಯದು ಹಾಕಿ ಮರೆತುಬಿಟ್ಟರೆ ಹಳೆಯದೇ ಸೋರಿ ಒಳಗೆಲ್ಲ ಅಂಟಂಟಾಗುತ್ತಿದ್ದದ್ದು ನೆನಪಿದೆಯೆ? ಅಲ್ಲಿಯೂ ಸರಣಿಯೇ, ಅಲ್ಲಿಯೂ ಗಟ್ಟಿಗರು ಸೊರಗಿದವನನ್ನು ಉಲ್ಟಾ ನೂಕುತ್ತಿದ್ದರು. ಆಗ ಹಾಳಾಗುತ್ತಿದ್ದದ್ದು ಟಾರ್ಚು ಮಾತ್ರ.

ಆದರೆ ಕೆಳಗೆ ಬಿದ್ದ ಅಂಕಿ ಕಂಡ ಕೂಡಲೇ ಸೆಲ್ ಹೋಗಿದೆ ಎಂದು ತೀರ್ಮಾನಿಸುವುದು ಅವಸರ. ಆ ಮಧ್ಯಾಹ್ನ ನಾನು ಕಲಿತದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಮೂರು ಬೇರೆ ಬೇರೆ ಕಾಯಿಲೆಗಳು ಆ್ಯಪಿನ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಅವನ್ನು ಬಿಡಿಸಿ ನೋಡಲು ಯಾವ ಹೊತ್ತಿನಲ್ಲಿ ನೋಡುತ್ತೇವೆ ಎಂಬುದು ಮುಖ್ಯ.

ನಮ್ಮ ಹನ್ನೊಂದನೆಯದನ್ನೇ ತೆಗೆದುಕೊಳ್ಳಿ. ಸಂಜೆ ಅದು ಬರಿದಾದಾಗ ಉಳಿದವುಗಳಲ್ಲಿ 27 ಉಳಿದಿರುತ್ತದೆ. ರಾತ್ರಿ ಚಾರ್ಜರ್ ಎಲ್ಲಕ್ಕೂ ತಲಾ 68 ತುಂಬುತ್ತದೆ. ಅದು 68ಕ್ಕೆ ತುಂಬಿತು, ಉಳಿದವು 27ಕ್ಕೆ 68 ಸೇರಿ 95ಕ್ಕೆ ತುಂಬಿದವು. ಬೆಳಿಗ್ಗೆ ಹದಿನಾರೂ ಒಟ್ಟಿಗೆ 3.6ರ ಆಸುಪಾಸು ತಲುಪಿರುತ್ತವೆ, ಪರದೆಯ ಮೇಲೆ ಒಂದು ಕಂಬವೂ ಗಿಡ್ಡವಾಗಿ ಕಾಣುವುದಿಲ್ಲ. ‘ಫುಲ್ ಚಾರ್ಜ್ ಮಾಡಿ ತಂದುಕೊಡಿ, ಚೆಕ್ ಮಾಡುತ್ತೇವೆ’ ಎನ್ನುವ ಸರ್ವೀಸಿನವರಿಗೆ ಈ ಕಾಯಿಲೆ ಸಿಗುವುದೇ ಇಲ್ಲ. ಇದೇ ಆಟೊಗೆ ಒಂದು ಕಡೆ ಹಾಗೆಯೇ ಆಗಿತ್ತಂತೆ, ಎಲ್ಲ ಸರಿ ಇದೆ ಎಂದು ಬರೆದುಕೊಟ್ಟಿದ್ದರು. ಸಾಮರ್ಥ್ಯ ಕುಗ್ಗಿದ ಸೆಲ್ ತುಂಬಿದಾಗ ಜಾಣ, ಬರಿದಾಗುವಾಗ ದಡ್ಡ. ಅದನ್ನು ಹಿಡಿಯಲು ಗಾಡಿಯನ್ನು ನಿಲ್ಲುವವರೆಗೆ ಓಡಿಸಿ ನೋಡಬೇಕು.

ಎರಡನೆಯ ಬಗೆಯ ಸೆಲ್ ತುಂಬಿದಾಗಲೂ ಕೆಳಗೆ, ಬರಿದಾಗುವಾಗಲೂ ಕೆಳಗೆ. ಉಳಿದವು 3.65 ಮುಟ್ಟಿ ಬಿಎಂಎಸ್ ಚಾರ್ಜು ನಿಲ್ಲಿಸಿದಾಗ ಇದಿನ್ನೂ 3.34ರಲ್ಲೇ ತೂಕಡಿಸುತ್ತಿರುತ್ತದೆ. ಇದರ ಸಾಮರ್ಥ್ಯಕ್ಕೆ ಏನೂ ಆಗಿಲ್ಲ, 95 ಎಎಚ್‌ನ ಗಟ್ಟಿ ಸೆಲ್ಲೇ. ಆದರೆ ಯಾವುದೋ ಕಾಲದಲ್ಲಿ ಜೊತೆಯವರಿಗಿಂತ ಹಿಂದೆ ಬಿದ್ದಿದೆ. ತಾನಾಗಿ ಚೂರು ಚೂರು ಸೋರುವ ಗುಣ ಅದಕ್ಕೆ ಉಳಿದವುಗಳಿಗಿಂತ ಹೆಚ್ಚಿರಬಹುದು, ಇಲ್ಲವೇ ಪ್ಯಾಕು ಕಟ್ಟುವಾಗಲೇ ಅದು ಅರೆತುಂಬಿದ ಸ್ಥಿತಿಯಲ್ಲಿದ್ದಿರಬಹುದು. ಎಲೆ ದೊಡ್ಡದೇ, ಬಡಿಸಿದ್ದು ಕಡಿಮೆ. 12 ಎಎಚ್ ಹಿಂದೆ ಬಿದ್ದಿದ್ದರೆ ಇಡೀ ಪ್ಯಾಕು 83ರದ್ದಾಗುತ್ತದೆ. ಮದ್ದು ಸುಲಭ: ಆ ಒಂದೇ ಸೆಲ್ಲಿಗೆ 3.65 ವೋಲ್ಟಿನ ಸಣ್ಣ ಚಾರ್ಜರ್ ಸಿಕ್ಕಿಸಿ ಎರಡು ಆಂಪಿಯರಿನಂತೆ ಆರು ಗಂಟೆ ಬಿಡುವುದು. ಯಾವ ಸೆಲ್ಲನ್ನೂ ಬದಲಿಸಬೇಕಿಲ್ಲ. ಇದನ್ನು ಗೊತ್ತಿದ್ದೂ ಹೇಳದೆ ಹೊಸ ಪ್ಯಾಕು ಮಾರುವವರಿದ್ದಾರೆ ಎಂಬುದು ಮೇಸ್ತ್ರಿಯ ಸಿಟ್ಟು. ನನಗೂ ಆ ಸಿಟ್ಟು ನ್ಯಾಯವೆಂದೇ ಕಾಣುತ್ತದೆ.

‘ಅದಕ್ಕೇ ಅಲ್ಲವೆ ಬಿಎಂಎಸ್‌ನಲ್ಲಿ ಬ್ಯಾಲೆನ್ಸಿಂಗ್ ಇರೋದು?’ ಎಂದು ಕೇಳಿದೆ. ಇದೆ, ಆದರೆ ಅದರ ಕೈ ತೀರಾ ಚಿಕ್ಕದು. ಸಾಮಾನ್ಯ ಬಿಎಂಎಸ್ ಮಾಡುವುದು ಇಷ್ಟೇ: ಮೇಲೇರಿದ ಸೆಲ್ಲಿಗೆ ಒಂದು ರೆಸಿಸ್ಟರ್ ಜೋಡಿಸಿ ಅದರ ಚಾರ್ಜನ್ನು ಬಿಸಿಯಾಗಿಸಿ ಹೊರಹಾಕುವುದು, ಹಿಂದಿನವನು ಬಂದು ಸೇರುವವರೆಗೆ ಮುಂದಿನವರನ್ನು ತಡೆಯುವುದು. ಅದು ಸುಡುವುದು 50 ಮಿಲಿಆಂಪಿಯರ್ ಇರಬಹುದು. ಆ ದರದಲ್ಲಿ 12 ಎಎಚ್ ಸುಡಲು 240 ಗಂಟೆ ಬೇಕು. ಅದೂ ಸೆಲ್‌ಗಳು ತುಂಬುವ ಹೊತ್ತಿನಲ್ಲಿ ಮಾತ್ರ ಕೆಲಸ ಮಾಡುವಂಥದ್ದಾದರೆ ದಿನಕ್ಕೆ ಅರ್ಧ ಗಂಟೆ ಸಿಕ್ಕೀತು, ಲೆಕ್ಕ ಒಂದು ವರ್ಷ ದಾಟುತ್ತದೆ. ಚಾರ್ಜರ್ ಪೂರ್ತಿ ಆಗುವ ಮೊದಲೇ ಪ್ಲಗ್ ಕಿತ್ತುಕೊಂಡು ಬಾಡಿಗೆಗೆ ಓಡುವವರ ಗಾಡಿಯಲ್ಲಿ ಆ ಅರ್ಧ ಗಂಟೆಯೂ ಸಿಗುವುದಿಲ್ಲ. ದಿನದಿನದ ಸಣ್ಣ ವ್ಯತ್ಯಾಸವನ್ನು ಒರೆಸಿಹಾಕಲು ಅದು ಸಾಕು, ದೊಡ್ಡ ಅಂತರ ಅದರ ಕೆಲಸವಲ್ಲ. ಇನ್ನು ಸಾಮರ್ಥ್ಯವೇ ಕುಗ್ಗಿದ ಹನ್ನೊಂದನೆಯದಕ್ಕೆ ಈ ಬ್ಯಾಲೆನ್ಸಿಂಗಿನಿಂದ ಏನೂ ಉಪಯೋಗವಿಲ್ಲ. ಎಲೆಯೇ ಚಿಕ್ಕದಾದ ಮೇಲೆ ಎಲ್ಲರ ಎಲೆಯನ್ನೂ ಅಂಚಿನವರೆಗೆ ತುಂಬಿಸಿ ಏನು ಪ್ರಯೋಜನ?

ಮೂರನೆಯದು ಸೆಲ್ಲಿನ ಕಾಯಿಲೆಯೇ ಅಲ್ಲದಿರಬಹುದು. ನಿಂತಾಗ ಸರಿ, ಏರು ಹತ್ತುವಾಗ ಒಂದೇ ಸೆಲ್ ದಡಕ್ಕನೆ ಕೆಳಗೆ, ಬ್ರೇಕ್ ಹಾಕಿ ಚಾರ್ಜು ಒಳಬರುವಾಗ ಅದೇ ಸೆಲ್ ಎಲ್ಲಕ್ಕಿಂತ ಮೇಲೆ: ಹೀಗೆ ಕಂಡರೆ ಮೇಸ್ತ್ರಿ ಮೊದಲು ಹುಡುಕುವುದು ಸಡಿಲ ನಟ್ಟು. ಸೆಲ್‌ಗಳನ್ನು ಜೋಡಿಸುವ ಪಟ್ಟಿಯ ಕೆಳಗೆ ಎರಡು ಮಿಲಿಓಮ್‌ನಷ್ಟು ಅಡ್ಡಿ ಇದ್ದರೂ ಸಾಕು, 60 ಆಂಪಿಯರ್ ಹರಿದಾಗ ಅಲ್ಲಿ 120 ಮಿಲಿವೋಲ್ಟ್ ಬೀಳುತ್ತದೆ. ಬಿಎಂಎಸ್‌ನ ತಂತಿ ಆ ಪಟ್ಟಿಯಾಚೆಯಿಂದ ಅಳೆಯುತ್ತಿದ್ದರೆ ಆ ನಷ್ಟ ಸೆಲ್ಲಿನ ಲೆಕ್ಕಕ್ಕೇ ಬರುತ್ತದೆ. ಕರೆಂಟು ಹೊರಗೆ ಹರಿದಾಗ ಸೆಲ್ ಕೆಳಗೆ ಕಾಣುತ್ತದೆ, ಒಳಗೆ ಹರಿದಾಗ ಮೇಲೆ. ಸೆಲ್ಲಿನೊಳಗೇ ರೋಧ ಹೆಚ್ಚಿದ್ದರೂ ಇದೇ ಲಕ್ಷಣ, ಆದರೆ ನಟ್ಟು ಬಿಗಿಯಲು ಕಾಸು ಖರ್ಚಿಲ್ಲವಾದ್ದರಿಂದ ಅದನ್ನೇ ಮೊದಲು ನೋಡುವುದು. ಅವರ ಸ್ಪ್ಯಾನರಿನ ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ, ಒಮ್ಮೆ ಬರಿಗಬ್ಬಿಣದ ಸ್ಪ್ಯಾನರ್ ಕೈಜಾರಿ ಎರಡು ಪಟ್ಟಿಗಳ ಮೇಲೆ ಅಡ್ಡ ಬಿದ್ದಾಗ ಕರಗಿ ಅಂಟಿಕೊಂಡ ಗುರುತನ್ನು ಮೇಜಿನ ಅಂಚಿನಲ್ಲಿ ತೋರಿಸಿದರು.

ಹದಿನಾರೂ ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದವು, ಹನ್ನೊಂದನೆಯದೇ ಯಾಕೆ ಸೊರಗಿತು? ಮೊದಲ ದಿನವೇ ಸೆಲ್‌ಗಳಲ್ಲಿ ಒಂದೆರಡು ಪರ್ಸೆಂಟ್ ಹೆಚ್ಚುಕಮ್ಮಿ ಇರುತ್ತದೆ. ಒಳ್ಳೆಯ ಪ್ಯಾಕು ಕಟ್ಟುವವರು ಸಾಮರ್ಥ್ಯ ಮತ್ತು ಒಳರೋಧ ಅಳೆದು ಸಮಾನರನ್ನೇ ಒಂದು ಸಾಲಿಗೆ ಸೇರಿಸುವುದು ಇದಕ್ಕೇ. ಆಮೇಲೆ ಕೂತ ಜಾಗದ ಪ್ರಶ್ನೆ. ಈ ಪ್ಯಾಕಿನಲ್ಲಿ ಎರಡು ಸಾಲು. ಹನ್ನೊಂದನೆಯದಕ್ಕೆ ಮೂರು ಕಡೆಯೂ ನೆರೆಯವರು, ಗಾಳಿ ಸುಳಿಯದ ನಡುಜಾಗ. ಬಿಸಿಯಲ್ಲಿ ಲಿಥಿಯಂ ಸೆಲ್ ಬೇಗ ಮುಪ್ಪಾಗುತ್ತದೆ. ಒಂದು ಸಲ ಹಿಂದೆ ಬಿದ್ದ ಮೇಲೆ ಹಿಂದೆ ಬೀಳುವುದೇ ಅದರ ಹಣೆಬರಹವಾಗುತ್ತದೆ. ಉಳಿದವು ದಿನಕ್ಕೆ ಶೇ 70ರಷ್ಟು ಮಾತ್ರ ಬರಿದಾಗಿ ತುಂಬಿಕೊಳ್ಳುತ್ತಿದ್ದರೆ ಅದು ದಿನವೂ ತಳ ಕಂಡು ಕಂಠದವರೆಗೆ ತುಂಬಿಕೊಳ್ಳುತ್ತದೆ. ಅದೇ 20 ಆಂಪಿಯರ್ 95ರ ಸೆಲ್ಲಿಗೆ ಐದನೇ ಒಂದು ಪಾಲಿನ ಹೊರೆ, 68ರದ್ದಕ್ಕೆ ಹೆಚ್ಚುಕಮ್ಮಿ ಮೂರನೇ ಒಂದು. ಮೊದಲ ಕೆಲವು ಎಎಚ್ ಹೋಗಲು ವರ್ಷ ಹಿಡಿದಿದ್ದರೆ ಆಮೇಲಿನವು ತಿಂಗಳುಗಳಲ್ಲಿ ಹೋಗುತ್ತವೆ. ಮಾಲೀಕ ‘ಇದ್ದಕ್ಕಿದ್ದಂತೆ ಆಯ್ತು’ ಎನ್ನುವುದು ಸುಳ್ಳೇನಲ್ಲ.

ಕಾರು ಕಂಪನಿಗಳು ಇದನ್ನು ಮೊದಲಿನಿಂದ ಬಲ್ಲವು, ಆದರೆ ಹಿಡಿದ ದಾರಿಗಳು ಬೇರೆ. 2010ರ ಕೊನೆಯಲ್ಲಿ ಬಂದ ನಿಸ್ಸಾನ್ ಲೀಫ್ ಕಾರಿನ ಮೊದಲ ಪ್ಯಾಕಿನಲ್ಲಿ 192 ದೊಡ್ಡ ಸೆಲ್‌ಗಳಿದ್ದವು: ಎರಡೆರಡನ್ನು ಅಕ್ಕಪಕ್ಕ ಸಮಾಂತರವಾಗಿ ಬೆಸೆದು ಒಂದು ಜೋಡಿ, ಅಂಥ 96 ಜೋಡಿಗಳ ಸರಣಿ. ಎರಡು ವರ್ಷದ ನಂತರ ಬಂದ ಟೆಸ್ಲಾ ಮಾಡೆಲ್ ಎಸ್‌ನ 85ರ ಪ್ಯಾಕಿನಲ್ಲೂ ಸರಣಿಯ ಉದ್ದ 96ರದ್ದೇ. ಆದರೆ ಒಂದೊಂದು ಮೆಟ್ಟಿಲಿನಲ್ಲೂ ಹೆಬ್ಬೆರಳಿನ ಗಾತ್ರದ 74 ಸೆಲ್‌ಗಳು, ಒಟ್ಟು 7,104. ಲೀಫಿನಲ್ಲಿ ಒಂದು ಸೆಲ್ ಅರ್ಧ ಸೊರಗಿದರೆ ಅದರ ಜೋಡಿ ಕಾಲು ಭಾಗ ಕುಗ್ಗುತ್ತದೆ, ಅದರೊಂದಿಗೆ ಇಡೀ ಕಾರೂ ಕಾಲು ಭಾಗ ಕುಗ್ಗುತ್ತದೆ. ಟೆಸ್ಲಾದಲ್ಲಿ ಒಂದು ಸೆಲ್ ಪೂರ್ತಿ ಕೈಕೊಟ್ಟರೂ ಆ ಮೆಟ್ಟಿಲಿಗೆ ಆಗುವ ನಷ್ಟ 74ರಲ್ಲಿ ಒಂದು ಪಾಲು, ಶೇ 1.4ಕ್ಕಿಂತ ಕಡಿಮೆ, ಪಕ್ಕದ 73 ಸೇರಿ ಹೊರೆ ಹಂಚಿಕೊಳ್ಳುತ್ತವೆ. ಸಮಾಂತರದಲ್ಲಿ ದುರ್ಬಲನಿಗೆ ರಿಯಾಯಿತಿ ಉಂಟು. ಹಾಗೆಂದು ಟೆಸ್ಲಾದ ದಾರಿಯೇ ಮೇಲು ಎನ್ನಲಾಗದು, ಅಷ್ಟೊಂದು ಸೆಲ್ ಎಂದರೆ ಅಷ್ಟೊಂದು ಬೆಸುಗೆ. ಲೀಫಿನವರಿಗೆ ಒಂದು ಅನುಕೂಲವಿತ್ತು: ನಾಲ್ಕು ಸೆಲ್ಲಿನ ಒಂದು ಡಬ್ಬಿಯಂತೆ 48 ಡಬ್ಬಿಗಳು, ನಟ್ಟು ಬಿಚ್ಚಿದರೆ ಕೈಗೆ ಬರುವಂಥವು. ಮೊಬೈಲಿನಲ್ಲಿ 96 ಕಂಬಗಳನ್ನು ನೋಡಿ ಗಿಡ್ಡ ಕಂಬದ ಡಬ್ಬಿಯೊಂದನ್ನೇ ಬದಲಿಸುವ ರಿಪೇರಿಯ ಕಸುಬು ಆ ಕಾರಿನ ಸುತ್ತ ಬೆಳೆಯಿತು.

ಗಟ್ಟಿ ಸೆಲ್‌ಗಳಿಂದ ತೆಗೆದು ಸೊರಗಿದ್ದಕ್ಕೆ ಓಡುತ್ತಿರುವಾಗಲೇ ಕೊಟ್ಟರೆ ಆಗದೆ? ಆಗುತ್ತದೆ, ಅದಕ್ಕೆ ಆ್ಯಕ್ಟಿವ್ ಬ್ಯಾಲೆನ್ಸರ್ ಎಂಬ ಹಲಗೆಗಳಿವೆ. ನಮ್ಮ ಪ್ಯಾಕಿನ ಹದಿನಾರರ ಸರಾಸರಿ 93 ಎಎಚ್, ಸರಿಯಾಗಿ ಹಂಚಿದರೆ ಅಷ್ಟೂ ಸಿಗಬೇಕು. ಆದರೆ ನಾಲ್ಕೂವರೆ ಗಂಟೆ ಚಿಲ್ಲರೆಯ ಓಟದಲ್ಲಿ ಹನ್ನೊಂದನೆಯದಕ್ಕೆ 25 ಎಎಚ್ ಉಣಿಸಬೇಕು, ಅಂದರೆ ಬಿಡದೆ ಐದು ಆಂಪಿಯರಿಗಿಂತ ಹೆಚ್ಚು. ಅಗ್ಗದ ಹಲಗೆಗಳು ಒಂದೆರಡು ಆಂಪಿಯರಿಗೇ ಸುಸ್ತು. ಅದಕ್ಕಿಂತ ತಮಾಷೆಯ ತೊಡಕೆಂದರೆ, ಅವು ವೋಲ್ಟೇಜಿನ ವ್ಯತ್ಯಾಸ ನೋಡಿ ಯಾರಿಗೆ ಹಸಿವು ಎಂದು ತಿಳಿಯುವಂಥವು. ಈ ಜಾತಿಯ ಸೆಲ್ಲಿನ ವೋಲ್ಟೇಜು ನಡುವೆಲ್ಲ ಮಟ್ಟಸ ಎಂದೆನಲ್ಲ, ಹಸಿದವನ ಮುಖ ಕೊನೆಯವರೆಗೂ ಬಾಡುವುದಿಲ್ಲ. ಬಾಡಿದ ಮೇಲೆ ಉಣಿಸಲು ಹೊತ್ತು ಉಳಿದಿರುವುದಿಲ್ಲ.

ಹಾಗಾಗಿ ಸೆಲ್ ಬದಲಿಸುವುದೇ ದಾರಿಯಾಯಿತು. ಮೇಸ್ತ್ರಿ ಹೊಸ 100 ಎಎಚ್ ಸೆಲ್ ತರಿಸಿದರು. ಅದನ್ನು ಬಂದ ಹಾಗೇ ಸಾಲಿಗೆ ಸೇರಿಸಲಿಲ್ಲ. ಹೊಸ ಸೆಲ್‌ಗಳು ಸಾಗಣೆಯಲ್ಲಿ ಪೂರ್ತಿ ತುಂಬಿರುವುದಿಲ್ಲ. ಅರೆತುಂಬಿದ್ದನ್ನು ತುಂಬಿದ ಹದಿನೈದರ ನಡುವೆ ಕೂರಿಸಿದರೆ ಹೊಸ ಸೆಲ್ಲಿಗೇ ಎರಡನೆಯ ಬಗೆಯ ಕಾಯಿಲೆ ಬಂದು ಕೂರುತ್ತದೆ. ‘ಹೊಸ ಸೆಲ್ ಹಾಕಿಸಿದ ಮೇಲೆ ಇನ್ನೂ ಕಡಿಮೆ ಓಡ್ತಿದೆ ಅಂತ ಬರೋರು ಇದರಿಂದಲೇ ಬರೋದು’ ಎಂದರು. ಹೊಸದನ್ನು 3.65ಕ್ಕೆ ತುಂಬಿಸಿ, ಉಳಿದವನ್ನೂ ಒಂದೊಂದಾಗಿ ಅಲ್ಲಿಗೇ ತುಂಬಿಸಿ, ಆಮೇಲೆ ಪಟ್ಟಿ ಬಿಗಿದರು. ಈ ಸಲ ಹೊಸದನ್ನು ಸಾಲಿನ ಕೊನೆಗೆ ಕೂರಿಸಿ, ಸಾಲಿನಲ್ಲೇ ಗಟ್ಟಿಯೆಂದು ಅಳತೆಯಲ್ಲಿ ಕಂಡ 96ರ ಹಳೆಯ ಸೆಲ್ಲೊಂದನ್ನು ಆ ಬಿಸಿ ನಡುಜಾಗಕ್ಕೆ ಹಾಕಿದರು. ಅದು ಎಷ್ಟರಮಟ್ಟಿಗೆ ಉಪಾಯ, ಎಷ್ಟರಮಟ್ಟಿಗೆ ಕಷ್ಟವನ್ನು ಮುಂದೂಡುವುದು ಎಂದು ನಾನು ಕೇಳಲಿಲ್ಲ.

ಹೊಸ ಸೆಲ್ 100ರದ್ದಾದರೂ ಪ್ಯಾಕು 100ರದ್ದಾಗಲಿಲ್ಲ. ಈಗ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕದು 93ರ ಸೆಲ್. ಇನ್ನು ಮೇಲೆ ಪ್ಯಾಕಿನ ಅಳತೆ ಅದರದ್ದು. ಹೊಸದರ 7 ಎಎಚ್ ಎಂದೂ ಹೊರಗೆ ಬರುವುದಿಲ್ಲ. ಬಿಎಂಎಸ್‌ನ ಪುಸ್ತಕದಲ್ಲಿ ಒಟ್ಟು ಸಾಮರ್ಥ್ಯವನ್ನು 100ರಿಂದ 93ಕ್ಕೆ ತಿದ್ದಿದ ಮೇಲೆ ಮೀಟರಿನ ಸೊನ್ನೆಯೂ ಗಾಡಿಯ ಸೊನ್ನೆಯೂ ಒಂದಾದವು. ಎರಡು ದಿನ ಬಿಟ್ಟು ಮಾಲೀಕ ಫೋನು ಮಾಡಿ ಎಂಬತ್ತೈದು ಓಡಿತು ಎಂದನಂತೆ.

ಬಿಚ್ಚಿ ತೆಗೆದ ಹನ್ನೊಂದನೇ ಸೆಲ್ ಏನಾಯಿತು ಎಂದು ಕೇಳಿದೆ. ಮೇಸ್ತ್ರಿ ಗೋಡೆಯ ಕಪಾಟನ್ನು ತೋರಿಸಿದರು. ಅದರ ನೀಲಿ ಹೊದಿಕೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ‘68’ ಎಂದು ಬರೆದಿತ್ತು. ಪಕ್ಕದಲ್ಲಿ ಬೇರೆ ಬೇರೆ ಗಾಡಿಗಳಿಂದ ಹೊರಬಿದ್ದ ಇನ್ನೆರಡು, 66 ಮತ್ತು 69. ಅದೇ ಅಳತೆಯ ಇನ್ನೊಂದು ಸಿಕ್ಕರೆ ನಾಲ್ಕನ್ನೂ ಸಾಲಾಗಿ ಕಟ್ಟಿ ಮನೆಯ ಯುಪಿಎಸ್ಸಿಗೆ 12.8 ವೋಲ್ಟಿನ ಬ್ಯಾಟರಿ ಮಾಡುವುದಂತೆ. ಫ್ಯಾನು, ಲೈಟಿಗೆ ಧಾರಾಳವಾಗಿ ಸಾಕು.

‘ಎಪ್ಪತ್ತೆರಡರದ್ದು ಒಂದು ಬಂದಿತ್ತು, ಬೇಡ ಅಂದೆ’ ಎಂದರು. ‘ಇವರ ಜೊತೆ ಅದಕ್ಕೆ ಲಾಸು.’